ಚಿನ್ನದ ರೇಟು ಕುಣಿಯೋದು ನಮ್ಮೂರ ಅಂಗಡಿ ಷಟರ್ ಎಳೆಯೋ ಹೊತ್ತಿಗೆ

ಕಳೆದ ವರ್ಷ, ಅಂದರೆ 2025ರ ಅಕ್ಟೋಬರ್ 21ರ ದೀಪಾವಳಿ ದಿನ, ನನ್ನ ಚಿಕ್ಕಪ್ಪನ ಮಗ ಮೊಬೈಲ್ ಹಿಡಿದುಕೊಂಡೇ ಊಟಕ್ಕೆ ಕೂತಿದ್ದ. ಮಧ್ಯಾಹ್ನ 1.45ರಿಂದ 2.45ರವರೆಗೆ ಎಂಸಿಎಕ್ಸ್‌ನಲ್ಲಿ ಮುಹೂರ್ತದ ವಹಿವಾಟು ಇತ್ತು. 'ಒಳ್ಳೇ ದಿನ, ರೇಟೂ ಸ್ವಲ್ಪ ಇಳಿದಿದೆ' ಅಂತ ಒಂದು ಲಾಟ್ ಗೋಲ್ಡ್ ಮಿನಿ ಕೊಂಡ. ಗೋಲ್ಡ್ ಮಿನಿ ಅಂದ್ರೆ 100 ಗ್ರಾಂ ಚಿನ್ನದ ಫ್ಯೂಚರ್ಸ್ ಒಪ್ಪಂದ. 10 ಗ್ರಾಂ ರೇಟು ಒಂದು ಸಾವಿರ ರೂಪಾಯಿ ಆಚೀಚೆ ಆದರೆ ಇವನ ಜೇಬಿನಲ್ಲಿ ಹತ್ತು ಸಾವಿರ ಆಚೀಚೆ ಆಗುತ್ತೆ.

2.45ಕ್ಕೆ ಎಂಸಿಎಕ್ಸ್ ಬಾಗಿಲು ಹಾಕಿತು. ಸಂಜೆ ನಾವು ಪಟಾಕಿ ಹಚ್ಚುತ್ತಿದ್ದಾಗ ಅವನು ಜಗಲಿ ಮೇಲೆ ಸುಮ್ಮನೆ ಕೂತಿದ್ದ. 'ಯಾಕೋ?' ಅಂದೆ. 'ಬೀಳ್ತಾ ಇದೆ ಕಣಣ್ಣ. ಮಾರೋಣ ಅಂದ್ರೆ ಮಾರ್ಕೆಟ್ಟೇ ಇಲ್ಲ' ಅಂದ. ಆ ದಿನ ವಿಶ್ವ ಮಾರುಕಟ್ಟೆಯಲ್ಲಿ ಚಿನ್ನ ಶೇ. 5ಕ್ಕೂ ಹೆಚ್ಚು ಕುಸಿಯಿತು. ಒಂದೇ ದಿನಕ್ಕೆ ಅಷ್ಟು ದೊಡ್ಡ ಕುಸಿತ ಹಲವು ವರ್ಷಗಳಿಂದ ಆಗಿರಲಿಲ್ಲ. ಹಿಂದಿನ ದಿನವಷ್ಟೇ ಔನ್ಸ್‌ಗೆ 4,380 ಡಾಲರ್‌ನ ಆಸುಪಾಸಿನಲ್ಲಿ ದಾಖಲೆ ಬರೆದಿತ್ತು. ಮಾರನೇ ದಿನ ಬಲಿಪಾಡ್ಯಮಿ. ಎಂಸಿಎಕ್ಸ್ ಬೆಳಗಿನ ಅವಧಿಗೂ ರಜೆ. ಅವನಿಗೆ ಹೊರಬರೋಕೆ ಸಾಧ್ಯವಾಗಿದ್ದು 22ರ ಸಂಜೆ. ಒಟ್ಟು ಎಷ್ಟು ಹೋಯ್ತು ಅಂತ ಚಿಕ್ಕಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಅವನ ಆಸೆಯದ್ದೋ ಅದೃಷ್ಟದ್ದೋ ಚರ್ಚೆ ಇಲ್ಲಿ ಬೇಡ. ಚೀನಾ ಮತ್ತು ಭಾರತ ಜಗತ್ತಿನಲ್ಲಿ ಅತಿ ಹೆಚ್ಚು ಚಿನ್ನ ಕೊಳ್ಳುವ ಎರಡು ದೇಶಗಳು. ಆದರೂ ನಾವು ಕೊಳ್ಳುವ ಹೊತ್ತು ಬೇರೆ, ಬೆಲೆ ಹುಟ್ಟುವ ಹೊತ್ತು ಬೇರೆ. ಈ ಎರಡರ ನಡುವಿನ ಅಂತರಕ್ಕೆ ಯಾರು ಬೆಲೆ ತೆರುತ್ತಾರೆ ಅನ್ನೋದೇ ನನ್ನ ಪ್ರಶ್ನೆ.

ಚಿನ್ನದ ಒಂದು ದಿನ, ನಮ್ಮ ಗಡಿಯಾರದಲ್ಲಿ

ಚಿನ್ನಕ್ಕೆ ಒಂದೇ ಒಂದು ಮಾರುಕಟ್ಟೆ ಇಲ್ಲ. ಸೂರ್ಯನ ಜೊತೆ ಪೂರ್ವದಿಂದ ಪಶ್ಚಿಮಕ್ಕೆ ಸಾಗುವ ಮೂರು ಪಾಳಿಗಳಿವೆ ಅಂದುಕೊಳ್ಳಿ. ಅಮೆರಿಕದ ಕಾಮೆಕ್ಸ್ ಫ್ಯೂಚರ್ಸ್ ಮಾರುಕಟ್ಟೆ ದಿನಕ್ಕೆ ಒಂದು ಗಂಟೆ ಮಾತ್ರ ನಿಲ್ಲುತ್ತೆ. ಅವರ ಬೇಸಿಗೆ ಲೆಕ್ಕದಲ್ಲಿ ನಮ್ಮ ಬೆಳಗಿನ ಜಾವ 2.30ಕ್ಕೆ ಮುಚ್ಚಿ 3.30ಕ್ಕೆ ಮತ್ತೆ ತೆರೆಯುತ್ತೆ. ಅಲ್ಲಿಂದ ಮೊದಲ ಕೆಲವು ಗಂಟೆ ಜಗತ್ತಿನಲ್ಲಿ ಎದ್ದಿರುವವರೇ ಕಡಿಮೆ. 6.30ಕ್ಕೆ ಶಾಂಘೈ ಚಿನ್ನದ ವಿನಿಮಯ ಕೇಂದ್ರ ಹಗಲಿನ ವಹಿವಾಟು ಶುರು ಮಾಡುತ್ತೆ. ನಮ್ಮ ಎಂಸಿಎಕ್ಸ್ 9ಕ್ಕೆ. ಮಧ್ಯಾಹ್ನ ಲಂಡನ್ ಏಳುತ್ತೆ, ಸಂಜೆ 6ರ ಹೊತ್ತಿಗೆ ನ್ಯೂಯಾರ್ಕ್ ಪೂರ್ತಿ ಎಚ್ಚರವಾಗುತ್ತೆ.

ಲಂಡನ್ನಿನಲ್ಲಿ ಬ್ಯಾಂಕುಗಳು ಪರಸ್ಪರ ನೇರವಾಗಿ ದೊಡ್ಡ ಪ್ರಮಾಣದ ಚಿನ್ನ ಕೊಂಡು ಮಾರುತ್ತವೆ. ಫ್ಯೂಚರ್ಸ್‌ನ ದೊಡ್ಡ ಮಾರುಕಟ್ಟೆ ಇರುವುದು ನ್ಯೂಯಾರ್ಕ್‌ನಲ್ಲಿ. ಈ ಎರಡೂ ಒಟ್ಟಿಗೆ ತೆರೆದಿರುವ ಅವಧಿಯೇ ದಿನದ ಅತಿ ಚುರುಕಾದ ಹೊತ್ತು. ಬೇಸಿಗೆಯಲ್ಲಿ ಅದು ನಮಗೆ ಸಂಜೆ 6ರಿಂದ ರಾತ್ರಿ 9.30ರ ಸುಮಾರು. ಚಳಿಗಾಲದಲ್ಲಿ ಅಲ್ಲಿನವರು ಗಡಿಯಾರ ಹಿಂದಕ್ಕೆ ತಿರುಗಿಸುವುದರಿಂದ ಸಂಜೆ 7ರಿಂದ 10.30. ಸಾಮಾನ್ಯ ದಿನಗಳಲ್ಲಿ ಒಂದೊಂದು ಗಂಟೆಯಲ್ಲಿ ಬೆಲೆ ಎಷ್ಟು ಏರಿಳಿಯಿತು ಅಂತ ನೋಡಿದರೆ ದೊಡ್ಡ ಅಂಕಿಗಳು ಈ ಕಿಟಕಿಯಲ್ಲೇ ಸಿಗುತ್ತವೆ. ಲಂಡನ್ ಮುಚ್ಚಿದ ಮೇಲೆ ವಹಿವಾಟು ಇಳಿಮುಖವಾಗುತ್ತೆ. ನಮ್ಮ ಮಧ್ಯರಾತ್ರಿ ದಾಟಿದ ಮೇಲೆ ಮಂಕಾಗುತ್ತೆ.

ಸಣ್ಣ ತೊಡಕೊಂದಿದೆ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸಿದರೆ, ಬ್ರಿಟನ್ ಅದೇ ತಿಂಗಳ ಕೊನೇ ಭಾನುವಾರ ತಿರುಗಿಸುತ್ತೆ. ನಡುವಿನ ಎರಡು–ಮೂರು ವಾರ ನ್ಯೂಯಾರ್ಕ್ ಬೇಗ ಏಳುತ್ತೆ, ಲಂಡನ್ ತಡವಾಗಿ ಮಲಗುತ್ತೆ. ಹೀಗಾಗಿ ಚುರುಕಿನ ಕಿಟಕಿ ಒಂದು ಗಂಟೆ ಹಿಗ್ಗುತ್ತೆ. 'ಸಂಜೆ 7ಕ್ಕೆ ಗೋಲ್ಡ್ ಶುರುವಾಗುತ್ತೆ' ಅಂತ ಬಾಯಿಪಾಠ ಮಾಡಿಕೊಂಡವರು ಎಡವೋದು ಈ ವಾರಗಳಲ್ಲೇ.

ಸಂಜೆ 6ಕ್ಕೆ ಏನಾಗುತ್ತೆ?

ಚಿನ್ನ ಬಡ್ಡಿ ಕೊಡಲ್ಲ. ಲಾಕರ್‌ನಲ್ಲಿಟ್ಟ ಬಳೆ ಹತ್ತು ವರ್ಷ ಬಿಟ್ಟರೂ ಹನ್ನೊಂದನೇ ಬಳೆ ಹೆರಲ್ಲ. ಆದ್ದರಿಂದ ದೊಡ್ಡ ಹೂಡಿಕೆದಾರರು ಸದಾ ಒಂದು ಹೋಲಿಕೆ ಮಾಡ್ತಾರೆ: ಅಮೆರಿಕ ಸರ್ಕಾರದ ಬಾಂಡ್ ಎಷ್ಟು ಬಡ್ಡಿ ಕೊಡುತ್ತೆ, ಬೆಲೆ ಏರಿಕೆ ಕಳೆದರೆ ಎಷ್ಟು ಉಳಿಯುತ್ತೆ? ಉಳಿಯುವುದು ಹೆಚ್ಚಾದರೆ ಚಿನ್ನದ ಆಕರ್ಷಣೆ ತಗ್ಗುತ್ತೆ, ಕಡಿಮೆಯಾದರೆ ಏರುತ್ತೆ. ಈ ಲೆಕ್ಕವನ್ನು ತಿರುಗಿಸುವ ಸುದ್ದಿ ಅಮೆರಿಕದ ಉದ್ಯೋಗ ವರದಿ ಮತ್ತು ಹಣದುಬ್ಬರದ ಅಂಕಿ. ಎರಡೂ ಹೊರಬೀಳೋದು ಅಲ್ಲಿನ ಬೆಳಿಗ್ಗೆ 8.30ಕ್ಕೆ. ನಮಗದು ಬೇಸಿಗೆಯಲ್ಲಿ ಸಂಜೆ 6, ಚಳಿಗಾಲದಲ್ಲಿ 7.

ಅಂಥ ಒಂದು ಸಂಜೆ ಚಿನ್ನ ಔನ್ಸ್‌ಗೆ 40 ಡಾಲರ್ ಬಿತ್ತು ಅಂದುಕೊಳ್ಳಿ. ಒಂದು ಔನ್ಸ್ ಅಂದರೆ 31.1035 ಗ್ರಾಂ. 40ನ್ನು ಅದರಿಂದ ಭಾಗಿಸಿದರೆ ಗ್ರಾಂಗೆ ಸುಮಾರು 1.29 ಡಾಲರ್. ಡಾಲರ್‌ಗೆ 90 ರೂಪಾಯಿ ಅಂತ ಹಿಡಿದರೆ ಗ್ರಾಂಗೆ 116 ರೂಪಾಯಿ. ಆಮದು ಸುಂಕ, ಜಿಎಸ್‌ಟಿ ಇದರ ಮೇಲೆ. 40 ಗ್ರಾಂ ಚಿನ್ನ ಕೊಳ್ಳುವ ಮನೆಗೆ ಒಂದು ಸಂಜೆಯ ವ್ಯತ್ಯಾಸ 4,600 ರೂಪಾಯಿ ದಾಟುತ್ತೆ. ಅಷ್ಟೂ ಆಗುವುದು ಪೇಟೆ ಬೀದಿಯ ಅಂಗಡಿಗಳಲ್ಲಿ ಆ ದಿನದ ರೇಟು ಬೋರ್ಡಿನ ಮೇಲೆ ಕೂತಾಗಿದ್ದು, ಷಟರ್ ಎಳೆಯುವ ತಯಾರಿ ನಡೆದಿರುವಾಗ. ಅದು ನಿಮಗೆ ಕಾಣೋದು ಮಾರನೇ ದಿನ ಬೆಳಿಗ್ಗೆ. 'ರಾತ್ರೋರಾತ್ರಿ ರೇಟು ಬದಲಾಯ್ತು' ಅನ್ನೋ ಮಾತು ಅಕ್ಷರಶಃ ನಿಜ.

ಆದರೆ ದೀಪಾವಳಿಯ ಆ ಸಂಜೆ ಅಮೆರಿಕದಿಂದ ಇಂಥ ಅಂಕಿ ಯಾವುದೂ ಬಂದಿರಲಿಲ್ಲ. ಅಲ್ಲಿನ ಸರ್ಕಾರವೇ ಶಟ್‌ಡೌನ್ ಆಗಿದ್ದ ತಿಂಗಳು ಅದು. ವಾರಗಟ್ಟಲೆ ಏರಿದ್ದ ಚಿನ್ನದಲ್ಲಿ ಲಾಭ ತೆಗೆಯಲು ಹಲವರು ಒಟ್ಟಿಗೆ ನುಗ್ಗಿದ್ದರು. ಇಳಿಕೆ ನಮ್ಮ ಮುಹೂರ್ತಕ್ಕೂ ಮೊದಲೇ ಶುರುವಾಗಿತ್ತು, ಪಶ್ಚಿಮದ ವಹಿವಾಟು ಸೇರಿಕೊಂಡಂತೆ ಆಳವಾಯ್ತು. ಅಂದರೆ ಗಂಟೆ ಕಾರಣ ಅಲ್ಲ. ಕಾರಣ ಯಾವುದಾದರೂ ಇರಬಹುದು, ಅದಕ್ಕೆ ದೊಡ್ಡ ಹಣ ಉತ್ತರ ಕೊಡುವ ಹೊತ್ತು ಮಾತ್ರ ಗೊತ್ತಿರುವಂಥದ್ದು.

ಈ ಗಡಿಯಾರ ತಿರುಗಿಸಿದ್ದು ಯಾರು?

ಇದು ಪ್ರಕೃತಿ ನಿಯಮವೇನಲ್ಲ. 1919ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಐದು ಸಂಸ್ಥೆಗಳು ಸೇರಿ ದಿನಕ್ಕೊಮ್ಮೆ ಚಿನ್ನಕ್ಕೆ ಬೆಲೆ ಗೊತ್ತುಮಾಡೋ ಪದ್ಧತಿ ಆರಂಭಿಸಿದವು. ಗಣಿಗಳು, ಕೇಂದ್ರ ಬ್ಯಾಂಕುಗಳು, ಆಭರಣದ ಉದ್ಯಮ ಎಲ್ಲವೂ ಅದನ್ನೇ ಆಧಾರ ಬೆಲೆಯಾಗಿ ಬಳಸಿದವು. 1968ರ ಮಾರ್ಚ್‌ನಲ್ಲಿ, ಚಿನ್ನವನ್ನು ಔನ್ಸ್‌ಗೆ 35 ಡಾಲರ್‌ನಲ್ಲೇ ಹಿಡಿದಿಡಲು ಅಮೆರಿಕ ಮತ್ತು ಯುರೋಪಿನ ಕೇಂದ್ರ ಬ್ಯಾಂಕುಗಳು ಮಾಡಿಕೊಂಡಿದ್ದ ಒಕ್ಕೂಟ ಮುರಿದುಬಿತ್ತು. ಲಂಡನ್ ಮಾರುಕಟ್ಟೆ ಎರಡು ವಾರ ಮುಚ್ಚಿತು. ಮತ್ತೆ ತೆರೆದಾಗ ಮಧ್ಯಾಹ್ನ 3ಕ್ಕೆ ಎರಡನೇ ಬೆಲೆ ನಿಗದಿ ಸೇರಿಕೊಂಡಿತು, ಅಮೆರಿಕದವರು ಕೆಲಸಕ್ಕೆ ಕೂರುವ ಹೊತ್ತಿಗೆ ಹೊಂದುವಂತೆ. ಇವತ್ತಿಗೂ ಲಂಡನ್ನಿನ ಬೆಳಿಗ್ಗೆ 10.30 ಮತ್ತು ಮಧ್ಯಾಹ್ನ 3ರ ಬೆಲೆಯೇ ಜಗತ್ತಿನ ಆಧಾರ. 2015ರ ಮಾರ್ಚ್‌ನಿಂದ ಅದು ಕಂಪ್ಯೂಟರ್ ಹರಾಜಿನ ಮೂಲಕ ನಡೆಯುತ್ತಿದೆ. ಮಧ್ಯಾಹ್ನದ ಆ ಹರಾಜು ನಮಗೆ ಬೇಸಿಗೆಯಲ್ಲಿ ಸಂಜೆ 7.30, ಚಳಿಗಾಲದಲ್ಲಿ 8.30.

ಆ ಕೆಲವು ನಿಮಿಷಗಳ ಬೆಲೆಗೆ ಎಷ್ಟು ತೂಕ ಇದೆ ಅನ್ನೋಕೆ 2012ರ ಜೂನ್ 28 ಸಾಕು. ಬಾರ್ಕ್ಲೇಸ್ ಬ್ಯಾಂಕ್ ಒಬ್ಬ ಗ್ರಾಹಕರ ಜೊತೆ ಒಪ್ಪಂದ ಮಾಡಿಕೊಂಡಿತ್ತು: ಆ ದಿನದ 3 ಗಂಟೆಯ ಬೆಲೆ 1,558.96 ಡಾಲರ್ ದಾಟಿದರೆ ಗ್ರಾಹಕರಿಗೆ 39 ಲಕ್ಷ ಡಾಲರ್ ಕೊಡಬೇಕು. ಬೆಲೆ ನಿಗದಿ ನಡೆಯುತ್ತಿರುವಾಗಲೇ ಬ್ಯಾಂಕಿನ ಒಬ್ಬ ಟ್ರೇಡರ್ ಮಾರಾಟದ ಆರ್ಡರ್ ಹಾಕಿ ಬೆಲೆ ಆ ಗೆರೆಯ ಕೆಳಗೇ ನಿಲ್ಲುವಂತೆ ನೋಡಿಕೊಂಡ. ವಿಷಯ ಬಯಲಾಗಿ 2014ರ ಮೇ ತಿಂಗಳಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ ಬ್ಯಾಂಕಿಗೆ 2.6 ಕೋಟಿ ಪೌಂಡ್ ದಂಡ ಹಾಕಿತು, ಆ ಟ್ರೇಡರ್‌ನನ್ನು ನಿಷೇಧಿಸಿತು. ಅಂದು ನಮ್ಮ ಕಡೆ ಸಂಜೆ ಏಳೂವರೆ. ಬೆಲೆ ಕಡ್ಡಿ ಅಲುಗಾಡಿದ್ದು ಯಾಕೆ ಅಂತ ಇಲ್ಲಿ ಕೂತು ಚಾರ್ಟ್ ನೋಡುತ್ತಿದ್ದವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಚೀನಾ ಈ ಗಡಿಯಾರವನ್ನು ತನ್ನ ಕಡೆ ಎಳೆಯಲು ನೋಡಿದೆ. 2016ರ ಏಪ್ರಿಲ್ 19ರಿಂದ ಶಾಂಘೈ ತನ್ನದೇ ಆಧಾರ ಬೆಲೆ ಪ್ರಕಟಿಸುತ್ತಿದೆ. ಡಾಲರ್‌ನಲ್ಲಿ ಅಲ್ಲ, ಯುವಾನ್‌ನಲ್ಲಿ. 2024ರ ವಸಂತದಲ್ಲಿ ಅಲ್ಲಿನ ಫ್ಯೂಚರ್ಸ್ ವಹಿವಾಟು ಎಷ್ಟು ಜೋರಾಗಿತ್ತೆಂದರೆ, ಏಷ್ಯಾದ ಬೆಳಗು ಅಂದ್ರೆ ಮಂಕು ಅನ್ನೋ ಹಳೇ ಮಾತಿನಲ್ಲಿ ಪೂರ್ತಿ ಅರ್ಥ ಉಳಿಯಲಿಲ್ಲ. ನಾವೂ 2022ರ ಜುಲೈನಲ್ಲಿ ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಅಂತರರಾಷ್ಟ್ರೀಯ ಬುಲಿಯನ್ ವಿನಿಮಯ ಕೇಂದ್ರ ತೆರೆದಿದ್ದೇವೆ. ಆದರೆ ಇವತ್ತಿಗೂ ಜಗತ್ತು ಆಧಾರವಾಗಿ ಹಿಡಿಯುವ ಬೆಲೆ ನಮ್ಮದಲ್ಲ.

ಖಾಲಿ ಗಂಟೆಯ ಅಪಾಯ

ಸಂಜೆ ಚುರುಕು, ಬೆಳಗಿನ ಜಾವ ಶಾಂತ ಅಂತ ಕೇಳಿದರೆ ಬೆಳಗಿನ ಜಾವವೇ ಸುರಕ್ಷಿತ ಅನ್ನಿಸಬಹುದು. 2021ರ ಆಗಸ್ಟ್ ಅದಕ್ಕೆ ಉತ್ತರ ಕೊಟ್ಟಿದೆ. ಆಗಸ್ಟ್ 6ರ ಶುಕ್ರವಾರ ನಮ್ಮ ಸಂಜೆ 6ಕ್ಕೆ ಅಮೆರಿಕದ ಉದ್ಯೋಗ ವರದಿ ಬಂತು: ಜುಲೈನಲ್ಲಿ 9,43,000 ಹೊಸ ಉದ್ಯೋಗ. ನಿರೀಕ್ಷೆಗಿಂತ ಚೆನ್ನಾಗಿತ್ತು, ಬಡ್ಡಿ ಬೇಗ ಏರಬಹುದು ಅನ್ನಿಸಿತು, ಚಿನ್ನ ಆ ದಿನ ಸುಮಾರು 40 ಡಾಲರ್ ಇಳಿಯಿತು. ಇದು ಚುರುಕು ಹೊತ್ತಿನ ಸಹಜ ಚಲನೆ: ಸುದ್ದಿ ಬಂತು, ಕೊಳ್ಳುವವರೂ ಮಾರುವವರೂ ಇದ್ದರು, ಬೆಲೆ ಹೊಸ ಜಾಗದಲ್ಲಿ ನಿಂತಿತು.

ಸೋಮವಾರ ಬೆಳಗಿನ ಜಾವ 3.30ಕ್ಕೆ ಕಾಮೆಕ್ಸ್ ಮತ್ತೆ ತೆರೆಯಿತು. ಅಂದು ಜಪಾನ್ ಮತ್ತು ಸಿಂಗಾಪುರ ಎರಡೂ ಕಡೆ ರಜೆ. ಆ ಹೊತ್ತಿನ ಮಾರುಕಟ್ಟೆಗೆ ಆಳ ಕೊಡುವವರೇ ಇಲ್ಲ. ದೊಡ್ಡ ಮಾರಾಟ ಬಂದು ಬಿತ್ತು. ಎದುರಿಗೆ ಕೊಳ್ಳುವವರಿಲ್ಲದೆ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಜಾರಿತು. ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡು ಅಂತ ಹಲವರು ಮೊದಲೇ ಹಾಕಿಟ್ಟಿದ್ದ ಸ್ಟಾಪ್‌ಲಾಸ್‌ಗಳು ಒಂದರ ಹಿಂದೊಂದು ಎದ್ದು ಜಾರಿಕೆಗೆ ಇನ್ನಷ್ಟು ಎಣ್ಣೆ ಸುರಿದವು. 1,760 ಡಾಲರ್ ಆಸುಪಾಸಿನಲ್ಲಿದ್ದ ಚಿನ್ನ ಕೆಲವೇ ನಿಮಿಷಗಳಲ್ಲಿ 1,690ರ ಕೆಳಕ್ಕೆ ಹೋಯಿತು. ಅಷ್ಟೇ ವಿಚಿತ್ರ ಅಂದರೆ, ಎಂಸಿಎಕ್ಸ್ 9ಕ್ಕೆ ತೆರೆಯುವಷ್ಟರಲ್ಲಿ ಬಿದ್ದದ್ದರಲ್ಲಿ ಹೆಚ್ಚಿನ ಪಾಲು ವಾಪಸ್ ಬಂದಿತ್ತು.

ಶುಕ್ರವಾರ ಸಂಜೆ ಬಿದ್ದಿದ್ದಕ್ಕೂ ಸೋಮವಾರ ಬೆಳಗಿನ ಜಾವ ಬಿದ್ದಿದ್ದಕ್ಕೂ ವ್ಯತ್ಯಾಸ ಗುರುತಿಸುವುದು ಹೇಗೆ? ವಹಿವಾಟಿನ ಪ್ರಮಾಣ ಹೆಚ್ಚಿದ್ದು, ಇಳಿದ ಬೆಲೆ ಗಂಟೆಗಳ ಕಾಲ ಅಲ್ಲೇ ನಿಂತರೆ ಮಾರುಕಟ್ಟೆಯ ಅಭಿಪ್ರಾಯವೇ ಬದಲಾಗಿದೆ ಅಂತ ಅರ್ಥ. ಕೊಳ್ಳುವ ಬೆಲೆ–ಮಾರುವ ಬೆಲೆಗಳ ಅಂತರ ಏಕಾಏಕಿ ಅಗಲವಾಗಿ, ಬಿದ್ದ ಬೆಲೆ ಬೇಗ ಹಿಂದಿರುಗಿದರೆ ಅದು ಖಾಲಿ ಮನೆಯಲ್ಲಿ ಸದ್ದು ಜೋರಾಗಿ ಕೇಳಿದ ಹಾಗೆ. ರಜೆ ದಿನ, ಸೋಮವಾರ ಬೆಳಗಿನ ಜಾವ, ಹಬ್ಬದ ಅರ್ಧ ಅವಧಿ, ಇವೆಲ್ಲ ಖಾಲಿ ಮನೆಗಳೇ.

ನಮ್ಮ ಬಾಗಿಲು, ಅವರ ಸುದ್ದಿ

ಇನ್ನು ನಮ್ಮ ಕಡೆಯ ಗಡಿಯಾರ ನೋಡೋಣ. ಎಂಸಿಎಕ್ಸ್ ಬೇಸಿಗೆಯಲ್ಲಿ ರಾತ್ರಿ 11.30ಕ್ಕೆ, ಚಳಿಗಾಲದಲ್ಲಿ 11.55ಕ್ಕೆ ಮುಚ್ಚುತ್ತೆ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ವರ್ಷಕ್ಕೆ ಎಂಟು ಸಲ ಬಡ್ಡಿ ನಿರ್ಧಾರ ಪ್ರಕಟಿಸುತ್ತೆ. ಅದು ಅಲ್ಲಿನ ಮಧ್ಯಾಹ್ನ 2ಕ್ಕೆ, ಅಂದರೆ ನಮ್ಮ ಬೇಸಿಗೆ ಲೆಕ್ಕದಲ್ಲಿ ಸರಿಯಾಗಿ 11.30ಕ್ಕೆ, ಚಳಿಗಾಲದಲ್ಲಿ 12.30ಕ್ಕೆ. ಅಧ್ಯಕ್ಷರ ಪತ್ರಿಕಾಗೋಷ್ಠಿ ಇನ್ನೂ ಅರ್ಧ ಗಂಟೆ ನಂತರ. ಚಿನ್ನಕ್ಕೆ ಅತಿ ಮುಖ್ಯವಾದ ಸುದ್ದಿ ಬರುವ ಕ್ಷಣದಲ್ಲಿ ಭಾರತದ ಬಾಗಿಲು ಮುಚ್ಚಿರುತ್ತೆ. ದೊಡ್ಡ ಬ್ಯಾಂಕು, ದೊಡ್ಡ ಆಮದುದಾರರಿಗೆ ವಿದೇಶದಲ್ಲಿ ಬೆಲೆ ರಕ್ಷಣೆ ಮಾಡಿಕೊಳ್ಳುವ ದಾರಿಗಳಿವೆ. ಸಂಬಳದ ಹಣದಲ್ಲಿ ಒಂದು ಲಾಟ್ ಕೊಂಡ ಹುಡುಗನಿಗೆ ಬೆಳಿಗ್ಗೆ 9ರವರೆಗೆ ಕಾಯೋದೊಂದೇ ದಾರಿ. ಅವನು ಹಾಕಿಟ್ಟ ಸ್ಟಾಪ್‌ಲಾಸ್ ಮಧ್ಯರಾತ್ರಿ ಕೆಲಸ ಮಾಡಲ್ಲ. ಬೆಳಿಗ್ಗೆ ಅವನು ಹೇಳಿದ ಬೆಲೆಯನ್ನು ಹಾರಿಕೊಂಡೇ ಮಾರುಕಟ್ಟೆ ತೆರೆಯಬಹುದು.

ಹಾಗಂತ ನಮ್ಮ ಹಗಲಿಗೆ ಶಕ್ತಿಯೇ ಇಲ್ಲ ಅಂತಲ್ಲ. 2024ರ ಜುಲೈ 23ರ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದರು. ಲಂಡನ್, ನ್ಯೂಯಾರ್ಕ್ ಬೆಲೆ ಅಲುಗಾಡಲಿಲ್ಲ. ನಮ್ಮಲ್ಲಿ ಮಾತ್ರ ಆ ದಿನ 10 ಗ್ರಾಂಗೆ 4,000 ರೂಪಾಯಿ ಆಸುಪಾಸು ಕುಸಿಯಿತು. ಭಾರತದ ಸರ್ಕಾರಕ್ಕೆ ಜಗತ್ತಿನ ಬೆಲೆ ಬದಲಿಸೋಕೆ ಆಗಲ್ಲ, ಆದರೆ ಭಾರತೀಯರು ಕೊಡುವ ಬೆಲೆಯನ್ನು ಒಂದು ವಾಕ್ಯದಲ್ಲಿ ಬದಲಿಸಬಹುದು. ಹಗಲಿನ ಇನ್ನೊಂದು ಕೈ ರೂಪಾಯಿ. ಡಾಲರ್ ಎದುರು ರೂಪಾಯಿ ಕುಸಿದ ದಿನ, ವಿಶ್ವ ಬೆಲೆ ಸುಮ್ಮನಿದ್ದರೂ ಬೋರ್ಡಿನ ರೇಟು ಏರುತ್ತೆ.

ಈ ಗಂಟೆಗಳ ಲೆಕ್ಕ ಟ್ರೇಡರ್‌ಗಳಿಗಿಂತ ಹೆಚ್ಚು ತಟ್ಟಬೇಕಾದವರು ಒಡವೆ ಅಡ ಇಡುವವರು. ಆರ್‌ಬಿಐ 2025ರಲ್ಲಿ ಹೊರಡಿಸಿದ ನಿಯಮ 2026ರ ಏಪ್ರಿಲ್ 1ರಿಂದ ಎಲ್ಲ ಸಾಲದಾತರಿಗೂ ಕಡ್ಡಾಯ. ಅದರ ಪ್ರಕಾರ ಅಡವಿಟ್ಟ ಚಿನ್ನಕ್ಕೆ ಬೆಲೆ ಕಟ್ಟುವಾಗ ಕಳೆದ 30 ದಿನಗಳ ಸರಾಸರಿ ಮುಕ್ತಾಯ ಬೆಲೆ ಅಥವಾ ಹಿಂದಿನ ದಿನದ ಮುಕ್ತಾಯ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. 2.5 ಲಕ್ಷದವರೆಗಿನ ಸಾಲಕ್ಕೆ ಆ ಬೆಲೆಯ ಶೇ. 85ರವರೆಗೆ ಕೊಡಬಹುದು.

ಇದನ್ನು ಗಡಿಯಾರದ ಕಣ್ಣಿನಿಂದ ಓದಿ. ನ್ಯೂಯಾರ್ಕ್‌ನ ಒಂದು ಸಂಜೆಯಲ್ಲಿ ಚಿನ್ನ ಶೇ. 5 ಏರಿದರೆ, ಬಿತ್ತನೆ ಖರ್ಚಿಗೆ ಬಳೆ ತಂದ ಹೆಣ್ಣುಮಗಳಿಗೆ ಅದರ ಲಾಭ ಕೂಡಲೇ ಸಿಗಲ್ಲ. 30 ದಿನದ ಸರಾಸರಿ ನಿಧಾನಕ್ಕೆ ಏರಬೇಕು. ಆದರೆ ಶೇ. 5 ಬಿದ್ದು, ಹಿಂದಿನ ದಿನದ ಬೆಲೆ ಸರಾಸರಿಗಿಂತ ಕೆಳಗೆ ಹೋದರೆ, ಆ ಇಳಿಕೆ ಒಂದೆರಡು ದಿನದಲ್ಲೇ ಅವಳ ಸಾಲದ ಮಿತಿಗೆ ಬಂದು ಕೂರುತ್ತೆ. ಏರಿಕೆಗೆ ಆಮೆ, ಇಳಿಕೆಗೆ ಮೊಲ. ಉಬ್ಬಿದ ಬೆಲೆಯ ಮೇಲೆ ಸಾಲ ಕೊಟ್ಟು, ಬೆಲೆ ಬಿದ್ದಾಗ ಒಡವೆ ಹರಾಜಿಗೆ ಹೋಗುವುದನ್ನು ತಪ್ಪಿಸೋಕೆ ಇದು ಬೇಕು ಅನ್ನೋ ವಾದದಲ್ಲಿ ಹುರುಳಿದೆ, ನಾನೂ ಒಪ್ತೀನಿ. ಆದರೆ ಸಾಲದ ಕೌಂಟರ್‌ನಲ್ಲಿ 'ಇವತ್ತು ಬೋರ್ಡಿನಲ್ಲಿ ಇಷ್ಟಿದೆಯಲ್ಲ, ನೀವ್ಯಾಕೆ ಕಡಿಮೆ ಹಿಡಿತೀರಿ?' ಅಂತ ಅವಳು ಕೇಳಿದಾಗ ಸರಿಯಾದ ಉತ್ತರ ಸಿಗಬೇಕು. ಯಾವ ದಿನದ, ಯಾರು ಪ್ರಕಟಿಸಿದ ಬೆಲೆ ಹಿಡಿದರು ಅಂತ ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಡಿ ಅಂತ ಒತ್ತಾಯಿಸೋದು ದೊಡ್ಡ ಕ್ರಾಂತಿಯೇನಲ್ಲ.

ನೀವೇ ಅಳೆದು ನೋಡಿ

ನಾನು ಹೇಳಿದ ಗಂಟೆಗಳನ್ನು ನಂಬಲೇಬೇಕಿಲ್ಲ. ಡಾಲರ್ ಚಿನ್ನದ ಮೂರು ತಿಂಗಳ ಗಂಟೆವಾರು ಬೆಲೆ ಇಳಿಸಿಕೊಂಡು, ಪ್ರತಿ ಗಂಟೆಯ ಗರಿಷ್ಠದಿಂದ ಕನಿಷ್ಠ ಕಳೆಯಿರಿ. ನಂತರ ಆಯಾ ಗಂಟೆಯ ಮಧ್ಯದ ಅಂಕಿ ತೆಗೆಯಿರಿ. ಸರಾಸರಿ ಬೇಡ, ದೀಪಾವಳಿಯಂಥ ಒಂದೇ ದಿನ ಸರಾಸರಿಯನ್ನು ಕೆಡಿಸಿಬಿಡುತ್ತೆ. ಬೇಸಿಗೆ, ಚಳಿಗಾಲದ ವಾರಗಳನ್ನು ಬೇರೆ ಬೇರೆ ಇಡಿ. ಎಂಸಿಎಕ್ಸ್ ಅಂಕಿಯಲ್ಲಿ ಅಳೆಯುವುದಾದರೆ ಬೆಳಿಗ್ಗೆ 9ರ ಬೆಲೆಯನ್ನು ಹಿಂದಿನ ರಾತ್ರಿಯ ಮುಕ್ತಾಯದ ಜೊತೆ ಹೋಲಿಸಿ ಅದನ್ನೊಂದು ಬೇರೆ ಸಾಲಾಗಿ ಬರೆಯಿರಿ. ಅದು ಒಂದು ಗಂಟೆಯ ಚಲನೆ ಅಲ್ಲ, ನೀವು ಮಲಗಿದ್ದಾಗ ನಡೆದ ಒಂಬತ್ತು ಗಂಟೆಯ ಚಲನೆ.

ಆ ಪಟ್ಟಿ ಬೆಲೆ ಎಷ್ಟು ಅಲುಗಬಹುದು ಅಂತ ಹೇಳುತ್ತೆ. ಯಾವ ಕಡೆಗೆ ಅಂತ ಹೇಳಲ್ಲ. 'ಸಂಜೆ 6ಕ್ಕೆ ಕೊಂಡರೆ ಲಾಭ' ಅಂತ ಕೋರ್ಸ್ ಮಾರುವವರು ಈ ಎರಡನೆಯದನ್ನು ಮೊದಲನೆಯದರೊಳಗೆ ಬಚ್ಚಿಟ್ಟಿರುತ್ತಾರೆ.

ಈ ಸಲ ಯುಗಾದಿಗೆ ಊರಿಗೆ ಹೋದಾಗ ನನ್ನ ತಮ್ಮ ಅದೇ ಪಟ್ಟಿ ತೋರಿಸಿದ. ಕೊನೆಯಲ್ಲಿ ಕೈಯಿಂದ ಇನ್ನೊಂದು ಕಾಲಂ ಸೇರಿಸಿದ್ದ, ಎಂಸಿಎಕ್ಸ್ ರಜೆ ದಿನಗಳದ್ದು. 'ರಜೆ ಹಿಂದಿನ ದಿನ ಕೈಯಲ್ಲಿ ಏನೂ ಇಟ್ಕೊಳಲ್ಲ ಕಣಣ್ಣ' ಅಂದ. ಒಂದು ಲಾಟ್ ದುಡ್ಡು ಕೊಟ್ಟು ಅವನು ಕಲಿತ ಪಾಠ ಅಷ್ಟೇ.